ಕಾಫಿ ಪೊಟ್ಟಣದ ಮೇಲೆ ಇನ್ನು ತಳಿಯ ಹೆಸರು: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಈ ಕೊಯ್ಲಿನ ಕಾಫಿಯಿಂದ ಮೊದಲ್ಗೊಂಡು ನಮ್ಮ ಸಹಕಾರ ಸಂಘದ ಪೊಟ್ಟಣಗಳ ಮೇಲಿನ ಬರಹ ಬದಲಾಗುತ್ತಿದೆ. ಇದುವರೆಗೆ ‘ಶುದ್ಧ ಮಲೆನಾಡು ಅರೇಬಿಕಾ’ ಎಂದಷ್ಟೇ ಇದ್ದ ಕಡೆ ಇನ್ನು ತಳಿಯ ಹೆಸರು, ತಾಲ್ಲೂಕು, ತೋಟದ ಎತ್ತರ, ಸಂಸ್ಕರಣೆಯ ವಿಧಾನ ಮತ್ತು ಕೊಯ್ಲಿನ ತಿಂಗಳು ಇರುತ್ತವೆ. ಕೊಪ್ಪ, ಶೃಂಗೇರಿ ಮತ್ತು ತೀರ್ಥಹಳ್ಳಿ ಕಡೆಯ ನಮ್ಮ ಸದಸ್ಯರ ಕಾಫಿಯನ್ನು ಒಟ್ಟುಗೂಡಿಸಿ ಹುರಿಯುತ್ತಿದ್ದ ಪದ್ಧತಿಯನ್ನು ಕೈಬಿಟ್ಟು, ಎಸ್. 795, ಚಂದ್ರಗಿರಿ ಮತ್ತು ಸ್ವಲ್ಪ ಪ್ರಮಾಣದಲ್ಲಿ ಸಿಗುವ ಸೆಲೆಕ್ಷನ್ 9 ತಳಿಗಳನ್ನು ಬೇರೆ ಬೇರೆಯಾಗಿ ಕೊಂಡು, ಬೇರೆ ಬೇರೆಯಾಗಿಯೇ ಹುರಿದು ಮಾರಲಿದ್ದೇವೆ.

ಮಳಿಗೆಯಲ್ಲಿ ಈ ಸುದ್ದಿ ತಿಳಿದವರಲ್ಲಿ ಹಲವರು ಕೇಳಿದ ಪ್ರಶ್ನೆ ಒಂದೇ: “ಚಂದ್ರಗಿರಿ ಹೈಬ್ರಿಡ್ ಅಲ್ಲವೇ? ಅದರಲ್ಲಿ ರೊಬಸ್ಟಾ ಸೇರಿದೆಯಂತಲ್ಲ, ಹಳೆಯ ಶುದ್ಧ ತಳಿಯನ್ನೇ ಕೊಡಿ.” ಈ ಪತ್ರದ ಬಹುಪಾಲು ಆ ಪ್ರಶ್ನೆಗೆ ಉತ್ತರವಾಗಿದೆ.

ನಮ್ಮ ಗುಡ್ಡಗಳಲ್ಲಿ ಮೊದಲು ಬೆಳೆಯುತ್ತಿದ್ದ ಅರೇಬಿಕಾವನ್ನು ‘ಚಿಕ್ಸ್’ ಎಂದು ಕರೆಯುತ್ತಿದ್ದರು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅದರ ಬೆನ್ನಲ್ಲೇ ದಕ್ಷಿಣ ಭಾರತಕ್ಕೂ ಹರಡಿ ಆ ತಳಿಯನ್ನು ಬಹುಮಟ್ಟಿಗೆ ಅಳಿಸಿಹಾಕಿತು. ಎಲೆಯ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣುವ ಈ ಶಿಲೀಂಧ್ರ ಗಿಡವನ್ನು ಒಮ್ಮೆಲೇ ಕೊಲ್ಲುವುದಿಲ್ಲ. ಎಲೆ ಉದುರಿಸುತ್ತದೆ, ರೆಕ್ಕೆ ಎನ್ನುವ ಅಡ್ಡ ಕೊಂಬೆ ಎಲೆಯಿಲ್ಲದೆ ಒಣಗುತ್ತದೆ, ವರ್ಷದಿಂದ ವರ್ಷಕ್ಕೆ ಗಿಡ ಸೊರಗುತ್ತದೆ. ಚಿಕ್ಸ್ ನಂತರ ಬಂದ ಕೂರ್ಗ್ ಮತ್ತು ಕೆಂಟ್ಸ್ ತಳಿಗಳೂ ಕಾಲಕ್ರಮೇಣ ಅದಕ್ಕೆ ಸೋತವು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರದ ಮುಂದಿದ್ದ ದೊಡ್ಡ ಕೆಲಸವೇ ತುಕ್ಕಿಗೆ ತಡೆಯೊಡ್ಡುವ, ಆದರೆ ಕುಡಿಯಲು ಅರೇಬಿಕಾದಂತೆಯೇ ಇರುವ ತಳಿಯನ್ನು ಕಂಡುಹಿಡಿಯುವುದಾಗಿತ್ತು.

ಹಾಗೆ ಹುಟ್ಟಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ್ದು ಎಸ್. 795. ಇದರ ತಾಯ್ತಂದೆಯರಲ್ಲಿ ಒಂದು ಕೆಂಟ್ಸ್, ಇನ್ನೊಂದು ಎಸ್. 288. ಈ ಎಸ್. 288ರ ಮೂಲ ಅರೇಬಿಕಾ ಮತ್ತು ಲಿಬೆರಿಕಾ ಎಂಬ ಬೇರೆಯೇ ಜಾತಿಯ ಕಾಫಿ ತಮ್ಮಷ್ಟಕ್ಕೆ ಬೆರೆತು ಹುಟ್ಟಿದ ಒಂದು ಗಿಡ. ಎಸ್. 795ರ ರೋಗ ನಿರೋಧಕ ಗುಣ ಬಂದಿರುವುದು ಮುಖ್ಯವಾಗಿ ಲಿಬೆರಿಕಾದಿಂದ. ಅಂದರೆ ಇಂದು ಬಹಳ ಮಂದಿ ‘ಹಳೆಯ ಶುದ್ಧ ತಳಿ’ ಎಂದು ಅಕ್ಕರೆಯಿಂದ ಕೇಳುವ ಕಾಫಿಯೇ ಒಂದು ಮಿಶ್ರತಳಿ, ಅದೂ ತುಕ್ಕು ರೋಗವನ್ನು ತಡೆಯಲೆಂದೇ ಬೆಳೆಸಿದ್ದು. ಅದರ ಬಟ್ಟಲಿನಲ್ಲಿ ಲಿಬೆರಿಕಾದ ಒರಟು ವಾಸನೆ ಇಲ್ಲದಿರುವುದಕ್ಕೆ ಕಾರಣ, ಕೆಂಟ್ಸ್‌ನಂಥ ಒಳ್ಳೆಯ ಅರೇಬಿಕಾದೊಡನೆ ಮತ್ತೆ ಕೂಡಿಸಿ, ಮುಂದಿನ ತಲೆಮಾರುಗಳಲ್ಲಿ ಆರಿಸುತ್ತ ಹೋದದ್ದು.

ಚಂದ್ರಗಿರಿಯ ವಂಶಾವಳಿ ಇನ್ನೊಂದು ದಾರಿಯದು. ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ ಗಿಡವೊಂದು ಕಳೆದ ಶತಮಾನದ ಮೊದಲರ್ಧದಲ್ಲಿ ಸಿಕ್ಕಿತು. ‘ಹಿಬ್ರಿಡೊ ಡಿ ಟಿಮೋರ್’ ಎಂದು ಹೆಸರಾದ ಅದು ರೊಬಸ್ಟಾದ ರೋಗ ನಿರೋಧಕ ಶಕ್ತಿಯನ್ನು ಹೊತ್ತಿತ್ತು. ಅದನ್ನು ಕಟುರ್ರಾ ಎಂಬ ಗಿಡ್ಡ ಅರೇಬಿಕಾದೊಡನೆ ಕೂಡಿಸಿದಾಗ ಕಟಿಮೋರ್ ಬಂತು; ನಮ್ಮಲ್ಲಿ ಅದರ ಹೆಸರು ಕಾವೇರಿ. ವಿಲ್ಲಾ ಸಾರ್ಚಿ ಎಂಬ ಇನ್ನೊಂದು ಗಿಡ್ಡ ಅರೇಬಿಕಾದೊಡನೆ ಕೂಡಿಸಿದ ಸಂತತಿಯಿಂದ ಆರಿಸಿ 2007ರಲ್ಲಿ ಬೆಳೆಗಾರರಿಗೆ ಬಿಡುಗಡೆ ಮಾಡಿದ್ದು ಚಂದ್ರಗಿರಿ. ಇದರಲ್ಲಿ ರೊಬಸ್ಟಾದ ಅಂಶ ಇದೆ ಎಂಬ ಮಾತು ನಿಜ. ಆದರೆ ಟಿಮೋರ್ ಗಿಡದ ವಂಶಕ್ಕೇ ಸೇರಿದ ಸೆಲೆಕ್ಷನ್ 9, ಇಥಿಯೋಪಿಯಾದ ತಫಾರಿಕೆಲಾ ಎಂಬ ಅರೇಬಿಕಾದೊಡನೆ ಕೂಡಿಸಿ ಪಡೆದದ್ದು, 2002ರಲ್ಲಿ ಕಾಫಿ ಮಂಡಳಿ ನಡೆಸಿದ ರುಚಿ ಸ್ಪರ್ಧೆಯಲ್ಲಿ ಅತ್ಯುತ್ತಮ ಅರೇಬಿಕಾ ಎನಿಸಿಕೊಂಡಿತು. ಹಾಗಾಗಿ ವಂಶದಲ್ಲಿ ರೊಬಸ್ಟಾ ಇದೆಯೇ ಎಂದು ಕೇಳಿದ ಮಾತ್ರಕ್ಕೆ ಬಟ್ಟಲಿನ ರುಚಿ ತಿಳಿಯುವುದಿಲ್ಲ. ರೊಬಸ್ಟಾದ ಯಾವ ತುಣುಕು ಉಳಿದಿದೆ, ಅದು ರೋಗವನ್ನು ತಡೆಯುವ ತುಣುಕೋ ಅಥವಾ ಸಕ್ಕರೆ, ಹುಳಿ, ಕಹಿಯನ್ನು ಬದಲಿಸುವ ತುಣುಕೋ, ಎರಡನೆಯ ತಾಯಿ ಯಾರು ಎಂಬುದರ ಮೇಲೆ ಅದು ನಿಂತಿದೆ.

ಇಷ್ಟು ಹೇಳಿದ ಮೇಲೆ, ಎಸ್. 795 ಮತ್ತು ಚಂದ್ರಗಿರಿಯ ನಡುವೆ ವ್ಯತ್ಯಾಸವೇ ಇಲ್ಲ ಎಂದರೆ ಅದೂ ಸರಿಯಲ್ಲ. ತಳಿಗಳನ್ನು ಬೇರ್ಪಡಿಸುವ ಮುನ್ನ ನಾವು ಕೊಪ್ಪ ತಾಲ್ಲೂಕಿನ ಒಬ್ಬ ಸದಸ್ಯರ ತೋಟದಿಂದ ಮೂರು ಮಾದರಿಗಳನ್ನು ತರಿಸಿದೆವು. ತೋಟ ಸುಮಾರು 850 ಮೀಟರ್ ಎತ್ತರದಲ್ಲಿದೆ. ಮೂರನ್ನೂ ಡಿಸೆಂಬರ್‌ನಲ್ಲಿ ಹಣ್ಣಾದದ್ದನ್ನೇ ಆರಿಸಿ ಕೊಯ್ದು, ಒಂದೇ ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ಒಂದೇ ಕಣದಲ್ಲಿ ಒಣಗಿಸಿದ್ದರು. ಮೊದಲನೆಯದು ಚೆನ್ನಾಗಿ ಆರೈಕೆಯಾದ ಎಸ್. 795. ಎರಡನೆಯದು ಪಕ್ಕದ ಪಟ್ಟೆಯ ಚಂದ್ರಗಿರಿ. ಮೂರನೆಯದೂ ಎಸ್. 795 ಆದರೂ, ಮುಂಗಾರಿಗೆ ಮುನ್ನ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು ಆಳು ಸಿಗದೆ, ಮಳೆಗಾಲ ಮುಗಿಯುವ ಹೊತ್ತಿಗೆ ತುಕ್ಕಿನಿಂದ ಅರ್ಧಕ್ಕರ್ಧ ಎಲೆ ಕಳೆದುಕೊಂಡ ಗಿಡಗಳದು.

ಮೂರನ್ನೂ ತಿಳಿಯಾಗಿ ಹುರಿದು, ಒಂದು ರಾತ್ರಿ ಬಿಟ್ಟು, 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿಯಂತೆ ಬಟ್ಟಲುಗಳಿಗೆ ಹಾಕಿ, 93 ಡಿಗ್ರಿಯ ನೀರು ಎರೆದು, ನಾಲ್ಕು ನಿಮಿಷದ ನಂತರ ಮೇಲಿನ ಪದರವನ್ನು ಚಮಚದಿಂದ ಒಡೆದು ರುಚಿ ನೋಡಿದೆವು. ಬಟ್ಟಲುಗಳಿಗೆ ಹೆಸರಿರಲಿಲ್ಲ, ಗುರುತಿನ ಅಂಕೆ ಮಾತ್ರ ಇತ್ತು. ಬಿಸಿಯಿದ್ದಾಗ ಮೊದಲ ಎರಡನ್ನು ನಮ್ಮಲ್ಲಿ ಕೆಲವರು ಬೇರ್ಪಡಿಸಲಾರದೆ ಹೋದರು. ಆರುತ್ತ ಬಂದಂತೆ ವ್ಯತ್ಯಾಸ ಎದ್ದಿತು: ಎಸ್. 795ರಲ್ಲಿ ಹಿತವಾದ ಹುಳಿಯೂ ಕುಡಿದ ಮೇಲೆ ಉಳಿಯುವ ಸಿಹಿಯೂ ಇದ್ದವು. ಚಂದ್ರಗಿರಿಯಲ್ಲಿ ಬಾಯಿ ತುಂಬುವ ಮಂದ ಹೆಚ್ಚು, ಹುಳಿ ಕಡಿಮೆ, ಕೊನೆಯ ರುಚಿ ಬೇಗ ಮುಗಿಯುತ್ತಿತ್ತು. ಮೂರನೆಯ ಬಟ್ಟಲನ್ನು ಮಾತ್ರ ಎಲ್ಲರೂ ಬದಿಗಿಟ್ಟರು. ಅದರಲ್ಲಿ ಹಸಿ ಹುಲ್ಲಿನ ವಾಸನೆಯೂ ನಾಲಿಗೆ ಒಣಗಿಸುವ ಒಗರೂ ಇತ್ತು. ಹೆಸರಿನ ಪ್ರಕಾರ ಅದೇ ‘ಒಳ್ಳೆಯ ತಳಿ’.

ಕಾರಣ ಸರಳ. ಕಾಳಿನೊಳಗಿನ ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಕಾಯಿ ಬಲಿಯುವ ತಿಂಗಳುಗಳಲ್ಲಿ ಎಲೆ ಉದುರಿಹೋದರೆ ಹಣ್ಣು ಹೊರಗೆ ಕೆಂಪಾದರೂ ಒಳಗೆ ಕಾಳು ತುಂಬುವುದಿಲ್ಲ. ನಿರೋಧಕ ತಳಿಯಿಂದ ಬಟ್ಟಲಿಗೆ ಆಗುವ ಲಾಭವೂ ಇದೇ: ಸಿಂಪಡಣೆ ತಪ್ಪಿದ ವರ್ಷವೂ ಗಿಡ ಎಲೆ ಉಳಿಸಿಕೊಂಡು ಕಾಯಿಯನ್ನು ಬಲಿಸುತ್ತದೆ. ಎರಡು ಮಳೆಗಳ ನಡುವೆ ಬಿಸಿಲೇ ಕಾಣದ ನಮ್ಮ ಕಡೆ ಇದು ಸಣ್ಣ ಮಾತೇನಲ್ಲ.

ಆದರೆ ನಿರೋಧಕ ತಳಿಗೆ ತನ್ನದೇ ಒಂದು ದೋಷವಿದೆ, ಅದನ್ನು ಕಾವೇರಿ ಬೆಳೆದವರು ಚೆನ್ನಾಗಿ ಬಲ್ಲರು. ಗಿಡ್ಡ ಗಿಡ, ಹತ್ತಿರ ಹತ್ತಿರದ ಗೆಣ್ಣು, ಎಳೆ ವಯಸ್ಸಿನಲ್ಲೇ ವಿಪರೀತ ಫಸಲು. ಹೊರಲಾರದಷ್ಟು ಕಾಯಿ ಕಚ್ಚಿದ ಗಿಡಕ್ಕೆ ನೆರಳು ಮತ್ತು ಗೊಬ್ಬರ ಸಾಲದಾದರೆ ತುಕ್ಕಿಲ್ಲದೆಯೂ ಎಲೆ ಹಳದಿಯಾಗುತ್ತದೆ, ರೆಕ್ಕೆಯ ತುದಿ ಒಣಗುತ್ತದೆ, ಕಾಳು ಜೊಳ್ಳಾಗುತ್ತದೆ. ಕಟಿಮೋರ್ ಜಾತಿಯ ಕಾಫಿಗೆ ‘ಸಪ್ಪೆ, ಒಗರು’ ಎಂಬ ಹೆಸರು ಬಂದಿರುವುದರಲ್ಲಿ ವಂಶದ ಪಾಲು ಎಷ್ಟೋ, ಈ ಅತಿ ಫಸಲಿನ ಪಾಲೂ ಅಷ್ಟೇ ಇದೆ ಎಂಬುದು ನಮ್ಮ ಅಭಿಪ್ರಾಯ. ಚಂದ್ರಗಿರಿಯಲ್ಲೂ ಈ ಅಪಾಯ ಇಲ್ಲದಿಲ್ಲ. ಇಂಥ ಕಾಫಿಯನ್ನು ಹಿಡಿಯುವುದು ಕಷ್ಟವೇನಲ್ಲ: ಹಣ್ಣನ್ನು ನೀರಿನ ತೊಟ್ಟಿಗೆ ಸುರಿದಾಗ ಜೊಳ್ಳು ತೇಲುತ್ತದೆ, ಅದನ್ನು ದಾಟಿ ಬಂದದ್ದು ಹುರಿದಾಗ ಉಳಿದ ಕಾಳುಗಳ ನಡುವೆ ನಸು ಹಳದಿಯಾಗಿ ಉಳಿಯುತ್ತದೆ. ಮನೆಯಲ್ಲಿ ಹುರಿದ ಕಾಳನ್ನೇ ಕೊಳ್ಳುವವರು ಒಂದು ಹಿಡಿಯನ್ನು ಬಿಳಿ ತಟ್ಟೆಯಲ್ಲಿ ಹರಡಿ ನೋಡಬಹುದು. ಅಂಥ ಮಸುಕು ಕಾಳನ್ನು ಕಡಿದರೆ ಕಡಲೆಕಾಯಿ ಸಿಪ್ಪೆಯ ರುಚಿ ಬರುತ್ತದೆ.

ಹುರಿಯುವಲ್ಲಿಯೂ ಬೇರ್ಪಡಿಸುವ ಅಗತ್ಯವಿತ್ತು. ಚಂದ್ರಗಿರಿಯ ಕಾಳು ಸಾಮಾನ್ಯವಾಗಿ ದಪ್ಪ. ಅದನ್ನು ಎಸ್. 795ರ ಜೊತೆ ಒಂದೇ ಡ್ರಮ್ಮಿಗೆ ಹಾಕಿದರೆ ಸಣ್ಣ ಕಾಳು ಮುಂದೆ ಹೋಗಿ, ದಪ್ಪ ಕಾಳಿನ ಒಳಭಾಗ ಹಿಂದೆ ಉಳಿಯುತ್ತದೆ. ಇನ್ನು ಚಂದ್ರಗಿರಿಯನ್ನು ಸ್ವಲ್ಪ ನಿಧಾನವಾಗಿ, ಒಂದು ಹದ ಗಾಢವಾಗಿ ಹುರಿಯುತ್ತೇವೆ. ಹಾಲು ಬೆರೆಸಿ ಫಿಲ್ಟರ್ ಕಾಫಿ ಕುಡಿಯುವ ಮನೆಗಳಿಗೆ ನಾವು ಸೂಚಿಸುವುದೂ ಅದನ್ನೇ, ಏಕೆಂದರೆ ಎಸ್. 795ರ ನವಿರಾದ ಹುಳಿ ಹಾಲಿನಲ್ಲಿ ಬಹುಪಾಲು ಮುಚ್ಚಿಹೋಗುತ್ತದೆ. ಹಾಲಿಲ್ಲದೆ ಕುಡಿಯುವವರಿಗೆ ಎಸ್. 795 ಅಥವಾ ಸೆಲೆಕ್ಷನ್ 9 ಹೊಂದುತ್ತದೆ.

ಪೊಟ್ಟಣದ ಮೇಲಿನ ಹೆಸರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನೂ ಹೇಳಬೇಕು. ಮಲೆನಾಡಿನ ತೋಟಗಳಲ್ಲಿ ಸತ್ತ ಗಿಡದ ಜಾಗಕ್ಕೆ ಸಿಕ್ಕ ಸಸಿಯನ್ನು ನೆಡುವುದು ವಾಡಿಕೆ. ಬಿಳಿ ಕಾಂಡಕೊರಕ ಹುಳು ಹೊಕ್ಕು ಕಿತ್ತ ಎಸ್. 795ರ ಕುಳಿಯಲ್ಲಿ ಇಂದು ಚಂದ್ರಗಿರಿ ನಿಂತಿರುತ್ತದೆ. (ತುಕ್ಕು ನಿರೋಧಕ ಎಂದರೆ ಕಾಂಡಕೊರಕಕ್ಕೂ ನಿರೋಧಕ ಎಂದು ತಿಳಿದವರಿದ್ದಾರೆ, ಹಾಗೇನಿಲ್ಲ.) ಅರೇಬಿಕಾ ಹೆಚ್ಚಾಗಿ ಸ್ವಪರಾಗದಿಂದ ಕಾಯಿ ಕಚ್ಚುವುದಾದರೂ ಜೇನು ಮತ್ತು ಗಾಳಿಯಿಂದ ಸ್ವಲ್ಪ ಬೆರಕೆ ಆಗಿಯೇ ಆಗುತ್ತದೆ, ಹಾಗಾಗಿ ತೋಟದಲ್ಲೇ ಬೀಜ ಹಿಡಿದು ಬೆಳೆಸಿದ ಸಸಿ ತಾಯಿಯಂತೆಯೇ ಇರಬೇಕೆಂದಿಲ್ಲ. ಆದ್ದರಿಂದ ನಮ್ಮ ಕ್ಷೇತ್ರ ಸಹಾಯಕರು ಕೊಯ್ಲಿಗೆ ಮುನ್ನ ಪಟ್ಟೆಯಲ್ಲಿ ಸಾಲು ಹಿಡಿದು ನಡೆದು ಗಿಡಗಳನ್ನು ಎಣಿಸುತ್ತಾರೆ. ಎತ್ತರದ, ಸಡಿಲ ರೆಕ್ಕೆಯ ಎಸ್. 795ರ ನಡುವೆ ಗಿಡ್ಡಗೆ, ಒತ್ತಾಗಿ, ದಪ್ಪ ಕಡುಹಸಿರು ಎಲೆ ಹೊತ್ತ ಚಂದ್ರಗಿರಿ ದೂರದಿಂದಲೇ ಕಾಣುತ್ತದೆ. ನೂರರಲ್ಲಿ ತೊಂಬತ್ತು ಗಿಡ ಒಂದೇ ತಳಿಯದಾಗಿದ್ದರೆ ಮಾತ್ರ ಆ ಹೆಸರು ಹಾಕುತ್ತೇವೆ, ಇಲ್ಲವಾದರೆ ಪೊಟ್ಟಣದ ಮೇಲೆ ‘ಮಿಶ್ರ ತಳಿ’ ಎಂದೇ ಇರುತ್ತದೆ. ಚಂದ್ರಗಿರಿ ಮತ್ತು ಕಾವೇರಿ ಎರಡೂ ಗಿಡ್ಡವಾದ್ದರಿಂದ ಅವುಗಳನ್ನು ನೋಟದಿಂದ ಬೇರ್ಪಡಿಸುವುದು ಸುಲಭವಲ್ಲ. ಅಲ್ಲಿ ಸಸಿ ಅಥವಾ ಬೀಜ ಕೊಂಡ ರಸೀದಿ ಇದ್ದರಷ್ಟೇ ಚಂದ್ರಗಿರಿ ಎಂದು ಬರೆಯುತ್ತೇವೆ.

ದರವನ್ನು ತಳಿಯ ಹೆಸರಿನ ಮೇಲೆ ನಿಗದಿ ಮಾಡಿಲ್ಲ. ರುಚಿ ಪರೀಕ್ಷೆಯಲ್ಲಿ ಮೇಲ್ದರ್ಜೆ ಪಡೆದ ಕಾಫಿಗೆ, ಅದು ಚಂದ್ರಗಿರಿಯೇ ಆಗಿರಲಿ ಎಸ್. 795 ಆಗಿರಲಿ, ಸದಸ್ಯರಿಗೂ ಹೆಚ್ಚು ಕೊಡುತ್ತೇವೆ, ನಿಮ್ಮಿಂದಲೂ ಅದಕ್ಕೆ ತಕ್ಕ ದರ ಪಡೆಯುತ್ತೇವೆ. ಚಿಕೋರಿ ಬೆರೆತ ಪುಡಿಯ ಪೊಟ್ಟಣಗಳಲ್ಲಿ ಬದಲಾವಣೆಯಿಲ್ಲ. ಅವುಗಳ ಮೇಲೆ ತಳಿಯ ಹೆಸರು ಹಾಕುವುದು ನಮಗೆ ಸರಿಕಂಡಿಲ್ಲ. ಹಳೆಯ ಬರಹದ ಪೊಟ್ಟಣಗಳು ದಾಸ್ತಾನು ಮುಗಿಯುವವರೆಗೆ ಮಳಿಗೆಯಲ್ಲಿರುತ್ತವೆ. ಎಸ್. 795 ಮತ್ತು ಚಂದ್ರಗಿರಿ ಎರಡನ್ನೂ ಅಕ್ಕಪಕ್ಕ ಇಟ್ಟು ರುಚಿ ನೋಡಬಯಸುವವರಿಗಾಗಿ 100 ಗ್ರಾಂಗಳ ಜೋಡಿ ಪೊಟ್ಟಣವನ್ನು ತಯಾರಿಸಿದ್ದೇವೆ; ಆರಿದ ಮೇಲೆ ಇನ್ನೊಂದು ಗುಟುಕು ಕುಡಿದು ನೋಡಲು ಮರೆಯಬೇಡಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ, ಶಿವಮೊಗ್ಗ