ಶನಿವಾರ ಸಂಜೆ ಹೇಳಿಬಿಡು

ಸಿಂಧನೂರು

ಚಿ. ಕು. ಸುಮಾಳಿಗೆ ನಿನ್ನ ಚಿಗವ್ವ ಮಾಡುವ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಅರ್ಧ ಹೇಳಿ ಅರ್ಧ ನುಂಗಿದೆ. ಪಕ್ಕದಲ್ಲಿ ರೂಮಿನ ಹುಡುಗಿಯರು ಇದ್ದರು ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದಿಕೋ.

ನನಗೆ ಅರ್ಥವಾಗಿದ್ದು ಇಷ್ಟು. ನಿಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಕಾಂಟಾ ನೋಡಿಕೊಳ್ಳುವ ಹುಡುಗ ಒಳ್ಳೆಯವನು. ದೀಪಾವಳಿಗೆ ನಿನಗೊಂದು ಕೈಗಡಿಯಾರ ಕೊಟ್ಟ. ಸಂಜೆ ಬೈಕಿನಲ್ಲಿ ಬಸ್ ಸ್ಟ್ಯಾಂಡಿನ ತನಕ ಬಿಡುತ್ತಿದ್ದ. ಹೋದ ಸೋಮವಾರ ರಾತ್ರಿ ಇಷ್ಟ ಇದೆ ಅಂತ ಮೆಸೇಜ್ ಹಾಕಿದ. ನಿನಗೆ ಆ ಮನಸ್ಸಿಲ್ಲ. ಆದರೆ ಅವನು ತೂಕದ ಚೀಟಿ ಕೊಟ್ಟರೇ ನೀನು ರೈತರ ಪಟ್ಟಿ ಬರೆಯಬೇಕು, ದಿನಾ ಮುಖ ನೋಡಲೇಬೇಕು. ಹಾಗಾಗಿ ಐದು ದಿನದಿಂದ ಉತ್ತರ ಕೊಡದೆ ಕೂತಿದ್ದೀಯ.

ಆ ಸುಮ್ಮನಿರುವಿಕೆಯನ್ನು ಅವನು 'ಯೋಚನೆ ಮಾಡುತ್ತಿದ್ದಾಳೆ' ಅಂತ ಓದುತ್ತಾನೆ, ಸುಮಾ. ಒಂದೊಂದು ದಿನ ಕಳೆದಂತೆ ಅವನ ಆಸೆ ಒಂದೊಂದು ಗೇಣು ಬೆಳೆಯುತ್ತದೆ.

ನಿನ್ನ ಅವ್ವ ಹೇಳಿಕೊಟ್ಟಿದ್ದು ನನಗೆ ಗೊತ್ತು: "ಮನ್ಯಾಗ ಒಪ್ಪಂಗಿಲ್ಲ ಅಂದುಬಿಡು, ಮುಗೀತದ." ಮುಗಿಯಲ್ಲ. ನಾನೂ ಹಿಂದೆ ಅದನ್ನೇ ಮಾಡಿದ್ದೆ. ಆಗ ನನಗೆ 24 ವರ್ಷ, ಒಂದು ಆಫೀಸಿನಲ್ಲಿ ಟೈಪಿಸ್ಟ್. ಜೊತೆಗೆ ಕೆಲಸ ಮಾಡುವವರೊಬ್ಬರು ಕೇಳಿದರು. ಮುಖಕ್ಕೆ ಇಲ್ಲ ಅನ್ನಲು ಬಾಯಿ ಬರಲಿಲ್ಲ, ಅಪ್ಪ ಒಪ್ಪಲ್ಲ ಅಂದೆ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಅವರ ಸೋದರಮಾವ ಹಣ್ಣು ಹಿಡಿದುಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿದ್ದರು, ಅಪ್ಪನನ್ನು ಒಪ್ಪಿಸಲು! ಅವರದ್ದೇನು ತಪ್ಪು? ಅಡ್ಡಿ ಇರುವುದು ಅಪ್ಪ ಅಂತ ನಾನೇ ಹೇಳಿದ್ದೆ, ಅವರು ಅಡ್ಡಿ ತೆಗೆಯಲು ಬಂದರು. ಆಮೇಲೆ ಎಲ್ಲರ ಎದುರು ಇಲ್ಲ ಅನ್ನಬೇಕಾಯಿತು. ಎರಡು ವರ್ಷ ಆ ಮನುಷ್ಯ ನನ್ನ ಟೇಬಲ್ಲಿಗೆ ಫೈಲು ತಾನೇ ತರಲಿಲ್ಲ, ಜವಾನನ ಕೈಲಿ ಕಳಿಸುತ್ತಿದ್ದರು.

'ಈಗ ಬೇಡ, ತಂಗಿ ಮದುವೆ ಆಗಲಿ' ಅನ್ನುವುದೂ ಹಾಗೇ. ತಂಗಿ ಮದುವೆ ಆದ ಮರುದಿನ ಅವನು ಬಂದು ನಿಲ್ಲುತ್ತಾನೆ. ಇನ್ನು ಒಮ್ಮಿಂದೊಮ್ಮೆಲೆ 'ಅಣ್ಣಾ' ಅನ್ನಲು ಶುರು ಮಾಡುವುದು, ರಾಖಿ ಕಟ್ಟುವುದು. ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ನಾಲ್ಕು ಜನರ ಮುಂದೆ ಅವನನ್ನು ನಗೆಪಾಟಲು ಮಾಡಿದಂತೆ ಆಗುತ್ತದೆ, ಮತ್ತೆ ನಿನ್ನ ಉತ್ತರವೂ ನೇರವಾಗಿ ಹೋಗಿರಲ್ಲ. ಇಲ್ಲಿಯ ತನಕ 'ನೀವು' ಅಂತಿದ್ದೀಯ ತಾನೇ? ಅದೇ ಇರಲಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಶನಿವಾರ ಸಂಜೆ ಹೇಳು. ಭಾನುವಾರ ರಜೆ, ಅವನಿಗೆ ಒಂದು ದಿನ ಸಿಗುತ್ತದೆ. ಬೆಳಿಗ್ಗೆ ಹೇಳಿದರೆ ಪಾಪ, ದಿನವೆಲ್ಲ ನಿನ್ನೆದುರೇ ಲಾರಿ ತೂಗಬೇಕು, ಲೋಡಿನ ತೂಕದಲ್ಲಿ ಖಾಲಿ ತೂಕ ಕಳೆಯುವಾಗ ಎಲ್ಲಾದರೂ ತಪ್ಪಿದರೆ ರೈತನ ಗತಿ ಏನು. ಹತ್ತಿ ಗೋದಾಮಿನ ಹಿಂದೆ ಬೇಡ, ಚಹಾ ಅಂಗಡಿಯಲ್ಲೂ ಬೇಡ. ಆಫೀಸಿನ ಮುಂದಿನ ಕಟ್ಟೆ ಸರಿ. ಜನರಿಗೆ ನೀವಿಬ್ಬರೂ ಕಾಣಬೇಕು, ಮಾತು ಕೇಳಿಸಬಾರದು.

ಹೇಳಬೇಕಾದ್ದು ನಾಲ್ಕೇ ಮಾತು. "ನೀವು ಮರ್ಯಾದೆಯಿಂದ ಕೇಳಿದ್ರಿ, ಉತ್ತರ ತಡ ಮಾಡಿದ್ದು ನನ್ನ ತಪ್ಪು. ನನಗೆ ನಿಮ್ಮ ಮೇಲೆ ಆ ಥರದ ಮನಸ್ಸಿಲ್ಲ. ಮುಂದೆಯೂ ಬರಲ್ಲ. ಕೆಲಸದಲ್ಲಿ ಹಿಂದಿನ ಹಾಗೇ ಇರೋಣ." ಇದರಲ್ಲಿ 'ಮುಂದೆಯೂ ಬರಲ್ಲ' ಅನ್ನುವುದು ಹೇಳಲು ಕಷ್ಟ, ನಾಲಿಗೆ ತಾನಾಗಿ ಅದನ್ನು ಬಿಟ್ಟುಬಿಡುತ್ತದೆ. ಬಿಡಬೇಡ. ಅದಿಲ್ಲದಿದ್ದರೆ ಉಳಿದ ಮೂರೂ ಮಾತು 'ಕಾಯುತ್ತಿರಿ' ಅಂದಂತೆ ಕೇಳುತ್ತವೆ.

ಅವನು ಖಂಡಿತ ಕೇಳುತ್ತಾನೆ, "ಯಾಕ್ರೀ, ನನ್ನೊಳಗ ಏನು ಕಮ್ಮಿ ಅದ?" ಕಾರಣ ಕೊಡಲು ಹೋಗಬೇಡ. ಸಂಬಳ ಅಂದರೆ ಬೇರೆ ಕೆಲಸ ಹುಡುಕುತ್ತಾನೆ, ಊರು ಅಂದರೆ ರಾಯಚೂರಿನಲ್ಲೇ ಮನೆ ಮಾಡುತ್ತೀನಿ ಅನ್ನುತ್ತಾನೆ. "ನಿಮ್ಮಲ್ಲಿ ಕೊರತೆ ಹುಡುಕಿ ಹೇಳುತ್ತಿಲ್ಲ, ನನಗೆ ಮನಸ್ಸಿಲ್ಲ ಅಷ್ಟೇ" ಅನ್ನು. ಬೇರೆ ಯಾರಾದರೂ ಇದ್ದಾರಾ ಅಂದರೆ, ಇರಲಿ ಬಿಡಲಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಗಡಿಯಾರವನ್ನು ಆಗಲೇ ಅವನ ಕೈಗೆ ಕೊಡು, ಬೇರೆಯವರ ಕೈಲಿ ಕಳಿಸಬೇಡ. ಬೇಡ ಅಂತ ಹಟ ಮಾಡಿದರೂ ಕಟ್ಟೆಯ ಮೇಲಿಟ್ಟು ಬಾ. ತಿನ್ನಿಸಿದ ಮಿರ್ಚಿ ಬಜ್ಜಿ ಲೆಕ್ಕ ಇಡಬೇಡ, ಅದೆಲ್ಲ ಸುಮ್ನೆ.

ಎದುರಿಗೆ ಹೇಳಲು ಹೆದರಿಕೆ ಆದರೆ ಇದೇ ಮಾತನ್ನು ಮೆಸೇಜಿನಲ್ಲಿ ಬರೆ. ನಗುವ ಮುಖದ ಚಿತ್ರ ಹಾಕಬೇಡ. ವಾಯ್ಸ್ ಮೆಸೇಜೂ ಬೇಡ, ನಿನ್ನ ದನಿ ಇನ್ನೊಬ್ಬರ ಫೋನಿಗೆ ಹೋಗುವುದು ಯಾಕೆ.

ಸೋಮವಾರದಿಂದ ಬೈಕ್ ಹತ್ತಬೇಡ. ಆಟೋ ದುಡ್ಡು ನಾನು ಬೇಕಾದರೆ ಕಳಿಸುತ್ತೇನೆ. ಆದರೆ 'ನಮಸ್ಕಾರ' ನಿಲ್ಲಿಸಬೇಡ, ಚೀಟಿ ಕೈಯಿಂದಲೇ ಈಸಿಕೋ. ಹದಿನೈದು ದಿನ ಅವನು ಮುಖ ಊದಿಸಿಕೊಂಡಿರಬಹುದು. ಅದನ್ನು ಸರಿಮಾಡಲು ಹೋಗಬೇಡ. ಪಾಪ ಅನ್ನಿಸಿ ರಾತ್ರಿ 'ಊಟ ಆಯ್ತಾ' ಅಂತ ಮೆಸೇಜ್ ಹಾಕಿದೆಯೋ, ಶನಿವಾರದ ಕೆಲಸವೆಲ್ಲ ನೀರಿಗೆ. ಚೀಟಿ ತಡವಾಗಿ ಬಂದರೆ "ಹತ್ತು ಗಂಟೆಯ ಮೂರು ಲಾರಿ ಚೀಟಿ ಬಂದಿಲ್ಲ, ರೈತರು ಕಾಯುತ್ತಿದ್ದಾರೆ" ಅನ್ನು, ಬೇರೆಯವರಿಗೆ ಹೇಗೆ ಹೇಳುತ್ತಿದ್ದೆಯೋ ಹಾಗೆ. ಮಿಲ್ಲಿನಲ್ಲಿ ಯಾರಿಗೂ ಈ ವಿಷಯ ಹೇಳಬೇಡ, ಒಬ್ಬಳೇ ಒಬ್ಬಳು ಗೆಳತಿಗೂ ಸಹ. ಬೆಳಗಾಗುವುದರೊಳಗೆ ಹಮಾಲರಿಗೂ ಗೊತ್ತಿರುತ್ತದೆ, ಆಮೇಲೆ ಅವನು ಮರ್ಯಾದೆ ಉಳಿಸಿಕೊಳ್ಳಲು ಏನೇನೋ ಮಾತಾಡುತ್ತಾನೆ.

ಒಂದು ಸಲ ಮರ್ಯಾದೆಯಿಂದ ಕೇಳಿದ್ದನ್ನು ನಾನು ಕಿರುಕುಳ ಅನ್ನಲ್ಲ. ಇಲ್ಲ ಅಂದ ಮೇಲೂ ಕೇಳಿದರೆ ಲೆಕ್ಕ ಬೇರೆ. ಎರಡನೇ ಸಲ ಕೇಳಿದರೆ ಬರೆದೇ ಉತ್ತರ ಕೊಡು: "ಮೊನ್ನೆ ಶನಿವಾರ ಹೇಳಿದ್ದೇನೆ, ಇನ್ನು ಈ ಮಾತು ಬೇಡ." ಮೆಸೇಜ್ ಅಳಿಸಬೇಡ, ತಾರೀಖು ಬರೆದಿಟ್ಟುಕೋ. ಆಮೇಲೂ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದು, ಚೀಟಿ ಬೇಕಂತಲೇ ತಡೆಯುವುದು ನಡೆದರೆ ಇಬ್ಬರೊಳಗಿನ ಮಾತು ಅಂತ ಮುಚ್ಚಿಡಬೇಡ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆ ಇದೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ದಿನಗೂಲಿಯವರೂ ಆ ಲೆಕ್ಕದಲ್ಲಿ ಬರುತ್ತಾರೆ. ಅದಕ್ಕಿಂತ ಕಡಿಮೆ ಜನ ಇರುವ ಕಡೆಯವರಿಗೆ, ಇಲ್ಲವೇ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಬರೆದು ಕೊಡಬೇಕು. ಅಲ್ಲಿಯ ತನಕ ಹೋಗುವ ಹುಡುಗ ಅವನಲ್ಲ ಅಂತ ನಿನ್ನ ಮಾತಿನಿಂದಲೇ ಅನ್ನಿಸುತ್ತದೆ, ಆದರೂ ಗೊತ್ತಿರಲಿ.

ಶನಿವಾರ ಮನೆ ಬಿಡುವಾಗ ಗಡಿಯಾರದ ಡಬ್ಬಿ ಮರೆಯಬೇಡ, ಬಿಲ್ಲು ಇದ್ದರೆ ಅದರೊಳಗೇ ಇಡು. ಮುಗಿಸಿ ರೂಮಿಗೆ ಹೋದ ಮೇಲೆ ಫೋನ್ ಮಾಡು, ನಾನು ಎದ್ದಿರುತ್ತೇನೆ. ನಿನ್ನ ಅವ್ವನಿಗೆ ಏನು ಹೇಳಬೇಕೋ ನಾನು ನೋಡಿಕೊಳ್ಳುತ್ತೇನೆ.

ನಿನ್ನ ಚಿಗವ್ವ