ಹೆಸರು ಇಳಕಲ್ಲಿನದು, ವಿಳಾಸ ಎಲ್ಲಿಯದು?

ಮಾನ್ಯ ಸಂಪಾದಕರೇ,

ಬೆಳಗಾವಿಯಲ್ಲಿರುವ ನನ್ನ ತಂಗಿ ಆಷಾಢದ ಕೊನೆಗೆ ಮೊಬೈಲಿನಲ್ಲಿ ಒಂದು ಇಳಕಲ್ ಸೀರೆ ತರಿಸಿದಳು. ಇಳಕಲ್ಲಿನಲ್ಲೇ ಹುಟ್ಟಿದವಳು ಆನ್‌ಲೈನಿನಲ್ಲಿ ಇಳಕಲ್ ಸೀರೆ ಕೊಂಡಳೆಂದು ಮನೆಯವರೆಲ್ಲ ನಕ್ಕೆವು. 899 ರೂಪಾಯಿಗೆ ಮರುಳಾಗಿದ್ದಳು. ಪಂಚಮಿಗೆ ಊರಿಗೆ ಬಂದಾಗ ಸೀರೆ ಬಿಚ್ಚಿ ಮುಂದಿಟ್ಟು, ‘ಅಣ್ಣಾ, ಇದು ನಮ್ಮೂರ ಸೀರಿ ಹೌದೇನ ನೋಡು’ ಎಂದಳು. ಒಡಲು ಮತ್ತು ಸೆರಗು ಕೂಡುವ ಕಡೆ ಬೆರಳಾಡಿಸಿದೆ. ನಮ್ಮ ನೇಕಾರರು ಒಡಲಿನ ಹಾಸಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಸಾಲು ಕೈಗೆ ಸಿಗುತ್ತದೆ. ಇಲ್ಲಿ ಅಂಥ ಸಾಲೇ ಇಲ್ಲ. ತೋಪು ತೆನಿ ಸೆರಗನ್ನು ಅಚ್ಚು ಹಾಕಿದ್ದರು, ಹಿಂಬದಿ ಮಸುಕಾಗಿತ್ತು.

ಆಮೇಲೆ ಇಬ್ಬರೂ ಕೂತು ಆ ಸೀರೆಯ ಪುಟವನ್ನು ಓದಿದೆವು. ‘ಇಳಕಲ್’ ಎಂಬುದು ದಪ್ಪಕ್ಷರದಲ್ಲಿತ್ತು. ಕೆಳಗೆಲ್ಲೋ ಮಾರಾಟಗಾರರ ಹೆಸರೆಂದು ಮೂರು ಅಕ್ಷರ ಇದ್ದವು, ಅದನ್ನು ಒತ್ತಿದರೆ ಬರಿ ನಕ್ಷತ್ರಗಳು. ‘ಮೂಲ ದೇಶ: ಭಾರತ’ ಎಂದಿತ್ತು. ಇದು ಸುಳ್ಳಲ್ಲ, ಮೋಸ ಇರುವುದೂ ಇಲ್ಲೇ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಮಾರುವವರಿಂದ ಕೇಳುವುದು ದೇಶದ ಹೆಸರನ್ನು, ಊರಿನದ್ದನ್ನಲ್ಲ. ಚೀನಾದ ಮಾಲು ಗುರುತಿಸಲು ಅದು ಸಾಕು. ಇಳಕಲ್ಲಿನ ಮಗ್ಗದ ಸೀರೆಯನ್ನೂ ಬೇರೆ ರಾಜ್ಯದ ಅಚ್ಚಿನ ಸೀರೆಯನ್ನೂ ಬೇರ್ಪಡಿಸಲು ಅದರಿಂದ ಏನೂ ಆಗದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಆದರೆ ಆ ಪುಟದಲ್ಲಿ ಅದರ ಸುಳಿವೂ ಇರಲಿಲ್ಲ.

ಊರು ತಿಳಿಯಬೇಕಾದರೆ ನೋಡಬೇಕಾದದ್ದು ವಿಳಾಸವನ್ನು. ಹಲವು ಅಂಗಡಿಗಳ ಮಾಲು ಮಾರುವ ತಾಣಗಳು ಪ್ರತಿ ಮಾರಾಟಗಾರನ ವ್ಯಾಪಾರದ ಹೆಸರು, ನೋಂದಣಿ ಆಗಿದೆಯೋ ಇಲ್ಲವೋ, ವಿಳಾಸ, ಗ್ರಾಹಕ ಸೇವೆಯ ಫೋನ್ ನಂಬರು ಇವನ್ನು ಎದ್ದು ಕಾಣುವಂತೆ ತೋರಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಆದರೆ ‘ಸೂಕ್ತ ಜಾಗದಲ್ಲಿ’ ಎಂಬ ಒಂದು ಮಾತು ಸೇರಿಕೊಂಡಿದೆ. ಆ ಸಂದಿಯಲ್ಲೇ ಎಲ್ಲರೂ ನುಸುಳುತ್ತಾರೆ. ಬೆಲೆಗೆ ಸೂಕ್ತ ಜಾಗ ಪುಟದ ನೆತ್ತಿ. ವಿಳಾಸಕ್ಕೆ ನಾಲ್ಕು ಸಲ ಒತ್ತಿದ ಮೇಲೆ ಸಿಗುವ ಮೂಲೆ.

ನಮಗೆ ಮೊದಲ ಸುಳಿವು ಕೊಟ್ಟದ್ದು ಬಿಲ್ಲು. ಅದರಲ್ಲಿ ಮಾರಾಟಗಾರನ ಜಿಎಸ್‌ಟಿ ನಂಬರಿತ್ತು. ಅದರ ಮೊದಲ ಎರಡು ಅಂಕಿ ರಾಜ್ಯದ ಗುರುತು: 29 ಇದ್ದರೆ ಕರ್ನಾಟಕ, 27 ಮಹಾರಾಷ್ಟ್ರ, 24 ಗುಜರಾತ್. ತಂಗಿಯ ಬಿಲ್ಲಿನಲ್ಲಿ ಇದ್ದದ್ದು 24. 29 ಇದ್ದ ಮಾತ್ರಕ್ಕೆ ಸೀರೆ ಇಲ್ಲಿಯದೇ ಎನ್ನಲಾಗದು, ಮಾರುವವನ ನೋಂದಣಿ ಇಲ್ಲಿಯದು ಅಷ್ಟೇ. ಹೊರಗಿಂದ ತರಿಸಿ ಮಾರುವವರು ನಮ್ಮೂರಲ್ಲೂ ಇದ್ದಾರೆ.

ವಾಪಸ್ ಕೇಳಿದರೆ ‘ಏಳು ದಿನ ಮುಗಿದಿದೆ’ ಎಂಬ ಉತ್ತರ ಬಂತು. ತಾಣದ ಪುಟವನ್ನು ತೀರಾ ತಳದವರೆಗೆ ಎಳೆದಾಗ ದೂರು ಅಧಿಕಾರಿಯ ಮಿಂಚಂಚೆ ಸಿಕ್ಕಿತು. ತಂಗಿ ಎರಡೇ ಮಾತು ಬರೆದಳು. ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ಮಾರಾಟಗಾರ ಅದನ್ನು ವಾಪಸ್ ತೆಗೆದುಕೊಳ್ಳಲು ಒಲ್ಲೆ ಎನ್ನುವಂತಿಲ್ಲ ಎಂಬುದು ಒಂದು. ಕೊಂಡವರು ಬರಹದಲ್ಲಿ ಕೇಳಿದರೆ ಮಾರಾಟಗಾರನ ಮುಖ್ಯ ಕಚೇರಿಯ ವಿಳಾಸ, ಮಿಂಚಂಚೆಗಳನ್ನು ತಾಣ ಕೊಡಲೇಬೇಕು, ಆದ್ದರಿಂದ ಕೊಡಿ ಎಂಬುದು ಇನ್ನೊಂದು. ಜೊತೆಗೆ ಪುಟದ ಸ್ಕ್ರೀನ್‌ಶಾಟ್ ಮತ್ತು ಸೆರಗಿನ ಹಿಂಬದಿಯ ಫೋಟೊ ಕಳಿಸಿದಳು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂಬುದು ನಿಯಮ. ಮರುದಿನ ದೂರಿನ ನಂಬರು ಬಂತು, ಹನ್ನೊಂದನೇ ದಿನ ದುಡ್ಡು ಬಂತು. ವಿಳಾಸ ಮಾತ್ರ ಬರಲೇ ಇಲ್ಲ! ಸೀರೆ ಈಗ ಬೇರೊಂದು ಹೆಸರಿನ ಅಂಗಡಿಯಲ್ಲಿ ಅದೇ ಫೋಟೊದೊಂದಿಗೆ ಮಾರಾಟಕ್ಕಿದೆ. ಪುಟ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಆದ್ದರಿಂದ ಆರ್ಡರ್ ಮಾಡುವ ದಿನವೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ನಮ್ಮವರಿಗೂ ಒಂದು ಮಾತು. ಇಳಕಲ್, ಗುಳೇದಗುಡ್ಡದ ಹುಡುಗರು ಇನ್‌ಸ್ಟಾಗ್ರಾಂನಲ್ಲಿ ಒಳ್ಳೆಯ ಸೀರೆ, ಖಣ ಮಾರುತ್ತಾರೆ. ಅವರ ಪುಟದಲ್ಲೂ ಇರುವುದು ಒಂದು ವಾಟ್ಸ್ಆ್ಯಪ್ ನಂಬರು ಮಾತ್ರ. ಅಸಲಿ ವಿಳಾಸ ಇರುವವರು ಯಾಕೆ ಮುಚ್ಚಿಡಬೇಕು? ಓಣಿಯ ಹೆಸರು ಸಮೇತ ಹಾಕಲಿ. 24ರವರು ಹಾಕಲಾರದ್ದು ಅದೊಂದೇ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ ನನ್ನ ಬೇಡಿಕೆ ಸಣ್ಣದು. ಇಳಕಲ್ ಸೀರೆ, ಗುಳೇದಗುಡ್ಡ ಖಣದಂತೆ ಊರಿನ ಹೆಸರಿನಲ್ಲೇ ಮಾರಾಟವಾಗುವ ಸರಕಿಗೆ ‘ಮೂಲ ದೇಶ’ದ ಪಕ್ಕದಲ್ಲಿ ‘ನೇಯ್ದ ಊರು’ ಎಂಬ ಒಂದು ಸಾಲನ್ನು ಕಡ್ಡಾಯ ಮಾಡಲಿ, ಅದು ಬೆಲೆ ಕಾಣುವ ತೆರೆಯಲ್ಲೇ ಇರಲಿ.

ಇತಿ,
ನೇಕಾರರ ಮನೆಯ ಓದುಗ
ಇಳಕಲ್, ಬಾಗಲಕೋಟೆ ಜಿಲ್ಲೆ