ಮೇಡಂಗೆ ಕಳಿಸಿದ ಆ ಮೆಸೇಜ್

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ಕೇಳಿದೆಯಲ್ಲ, "ಮತ್ತೆ ಕೆಲ್ಸ ಕೇಳಿ ನಿನ್ನ ಹಳೇ ಮೇಡಂಗೆ ಏನಂತ ಬರೆದೆ, ಅದನ್ನ ಹಾಗೇ ಕಳ್ಸೋ, ನನ್ನ ಹೆಂಡ್ತೀನೂ ಹಳೇ ಕೆಲ್ಸಕ್ಕೆ ವಾಪಸ್ ಹೋಗ್ಬೇಕು ಅಂತಿದ್ದಾಳೆ, ಅವಳಿಗೆ ತೋರಿಸ್ತೀನಿ" ಅಂತ. ಸುಮ್ನೆ ಫಾರ್ವರ್ಡ್ ಮಾಡಬಹುದಿತ್ತು. ಆದರೆ ಅದು ಮೂರನೇ ಸಲ ಬರೆದದ್ದು ಕಣೋ. ಮೊದಲ ಎರಡರ ಕಥೆ ಗೊತ್ತಿಲ್ಲದಿದ್ದರೆ ಅತ್ತಿಗೆಯೂ ಅಲ್ಲೇ ಎಡವಿಯಾರು. ಅದಕ್ಕೇ ಈ ಉದ್ದದ ಪತ್ರ.

ನಾನು ಕುಶಾಲನಗರದಲ್ಲಿ ಕಾಫಿ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಬಿಟ್ಟದ್ದು 2019ರ ಜೂನ್‌ನಲ್ಲಿ. ಮಗಳಿಗೆ ಆಗ ಆರು ತಿಂಗಳು. ನನ್ನವಳಿಗೆ ಮಡಿಕೇರಿಯಲ್ಲಿ ನರ್ಸ್ ಕೆಲಸ, ವಾರಕ್ಕೆ ಎರಡು ಮೂರು ನೈಟ್ ಡ್ಯೂಟಿ. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಿತ್ತು, ಅವಳ ಸಂಬಳ ಜಾಸ್ತಿ. ಲೆಕ್ಕ ಅಷ್ಟೇ. ಆದರೆ ಸುಂಟಿಕೊಪ್ಪದ ಸಂತೆಯಲ್ಲಿ ಮಗು ಎತ್ತಿಕೊಂಡು ಸೊಪ್ಪು ಕೊಳ್ಳುವ ಗಂಡಸನ್ನು ಕಂಡರೆ ಜನ ಕೇಳುವುದು ಒಂದೇ, "ಕೆಲ್ಸ ಹೋಯ್ತಾ?" ಆರು ವರ್ಷ ನಕ್ಕು ಸುಮ್ಮನಾದೆ. ಮೇಡಂಗೆ ಬರೆಯಲು ಕೂತಾಗ ಅಷ್ಟೂ ಜನಕ್ಕೆ ಒಟ್ಟಿಗೆ ಉತ್ತರ ಕೊಡಲು ಹೋದೆ.

ಮೊದಲ ಮೆಸೇಜ್ ಮೊಬೈಲಿನಲ್ಲಿ ನಾಲ್ಕು ಸಲ ಸರಿಸಿ ಓದುವಷ್ಟು ಉದ್ದ ಇತ್ತು. "ಇಷ್ಟು ವರ್ಷ ಸಂಪರ್ಕದಲ್ಲಿ ಇರದಿದ್ದಕ್ಕೆ ಕ್ಷಮಿಸಿ" ಅಂತ ಶುರು. ಆಮೇಲೆ ಮಗುವಿಗೆ ಬಂದ ನ್ಯುಮೋನಿಯಾ, ಕೊರೊನಾ, ಅಮ್ಮನ ಮಂಡಿ ನೋವು. ಕೊನೆಗೆ "ನನಗೆ ಯಾವ ಕೆಲಸವಾದರೂ ಸರಿ." ನನ್ನವಳು ಡ್ಯೂಟಿಯಿಂದ ಬಂದು, ಶೂ ಬಿಚ್ಚುತ್ತಾ ಓದಿದಳು. "ಇದನ್ನ ಓದಿ ಅವರು ಏನು ಮಾಡಬೇಕು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಕೆಲಸವಾದರೂ ಸರಿ ಅಂದರೆ, ಯಾವ ಕೆಲಸ ಅಂತ ಹುಡುಕುವ ಹೊಣೆಯನ್ನೂ ಅವರ ತಲೆಗೇ ಕಟ್ಟಿದ ಹಾಗೆ ಅಲ್ವಾ?

ಎರಡನೆಯದು ಇದಕ್ಕೆ ತದ್ವಿರುದ್ಧ. ಚಿಕ್ಕದು, ಆದರೆ ಜಂಬದ್ದು. "ಔಟ್‌ಟರ್ನ್ ತೆಗೆಯುವ ಕೈ ಇನ್ನೂ ಹಾಗೇ ಇದೆ ಮೇಡಂ" ಅಂತ ಬರೆದೆ. ಕಳಿಸುವ ಮುಂಚೆ ಒಂದು ಅನುಮಾನ ಬಂತು, ಹಾಗೇ ಇದೆಯಾ ನಿಜವಾಗಿ? ನಮ್ಮೂರಿನ ಪರಿಚಯದ ಕಾಫಿ ವ್ಯಾಪಾರಿಯ ಗೋದಾಮಿಗೆ ಒಂದು ಶನಿವಾರ ಹೋದೆ. ಹಳೇ ಬೆಳೆಯ ರೋಬಸ್ಟಾ ಚೆರಿ ಇತ್ತು. ಅಂದರೆ ಹಣ್ಣನ್ನು ಸಿಪ್ಪೆಯ ಸಮೇತ ಒಣಗಿಸಿದ್ದು. ನಿನಗೆ ಮರೆತಿರಬಹುದು, ಔಟ್‌ಟರ್ನ್ ಅಂದರೆ 50 ಕಿಲೋ ಚೆರಿಯ ಚೀಲದಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಅನ್ನುವ ಲೆಕ್ಕ. ವ್ಯಾಪಾರ ಕುದುರುವುದೇ ಅದರ ಮೇಲೆ.

ಮೂರು ಚೀಲದ ಬಾಯಿ ಬಿಚ್ಚಿ, ಮೇಲಿನಿಂದ ಒಂದೊಂದು ಹಿಡಿ ತೆಗೆದೆ. ಬೆರೆಸಿ 100 ಗ್ರಾಂ ತೂಗಿ, ಸಿಪ್ಪೆ ತೆಗೆದು ಬೀಜ ತೂಗಿದೆ. 54 ಗ್ರಾಂ. ಅಂದರೆ ಔಟ್‌ಟರ್ನ್ 27. ವ್ಯಾಪಾರಿ ನಕ್ಕು, ತುದಿ ಚೂಪಾದ ಕೊಳವೆ ತೆಗೆದುಕೊಂಡು ಹತ್ತು ಚೀಲಕ್ಕೆ ಮೇಲೆ, ನಡುವೆ, ಅಡಿಗೆ ಚುಚ್ಚಿ ಸ್ಯಾಂಪಲ್ ಎಳೆದರು. ಅವರಿಗೆ ಬಂದದ್ದು 52 ಗ್ರಾಂ, ಅಂದರೆ 26. ಚೀಲಕ್ಕೆ ಹತ್ತು ಸಾವಿರ ಅಂತ ಇಟ್ಟುಕೋ, ಒಂದು ಔಟ್‌ಟರ್ನ್‌ಗೆ ಸುಮಾರು 370 ರೂಪಾಯಿ. ನೂರು ಚೀಲದ ಲೋಡಿಗೆ 37,000 ರೂಪಾಯಿ ನನ್ನ ಸೋಮಾರಿತನಕ್ಕೆ ಹೋಗುತ್ತಿತ್ತು. ನಾನು ಕೆಲಸ ಬಿಡುವಾಗ ಚೀಲಕ್ಕೆ ಮೂರೂವರೆ ಸಾವಿರದ ಆಸುಪಾಸು ಇತ್ತು, 2024ರಲ್ಲಿ ಹತ್ತು ಸಾವಿರ ದಾಟಿತು. ಅದೇ ತಪ್ಪಿನ ಬೆಲೆಯೂ ಮೂರು ಪಟ್ಟಾಗಿದೆ.

ತೇವದ್ದೂ ಹಾಗೇ ಆಯ್ತು. ಬೀಜ ಕಚ್ಚಿ ನೋಡಿ "ಹನ್ನೊಂದು ಪರ್ಸೆಂಟ್" ಅಂದೆ. ರೋಬಸ್ಟಾ ಚೆರಿಗೆ ಇರಬೇಕಾದ್ದೂ ಅಷ್ಟೇ. ಮೀಟರ್ 12.8 ತೋರಿಸಿತು. ಮಳೆಗಾಲ ದಾಟಿದ ಸರಕು ತೇವ ಎಳೆದುಕೊಂಡಿರುತ್ತದೆ ಅನ್ನುವುದು ತಲೆಗೇ ಬರಲಿಲ್ಲ ನೋಡು. ಎರಡನೇ ಮೆಸೇಜನ್ನು ಅಲ್ಲೇ ಅಳಿಸಿದೆ. ಮತ್ತೆ ಎರಡು ಶನಿವಾರ ಅದೇ ಗೋದಾಮಿಗೆ ಹೋಗಿ ಕೂತೆ.

ಮೂರನೆಯದು ನವೆಂಬರ್ ಎರಡನೇ ವಾರ ಕಳಿಸಿದೆ. ದಿನ ನೋಡಿಯೇ ಕಳಿಸಿದ್ದು. ಮಳೆಗಾಲದಲ್ಲಿ ಕ್ಯೂರಿಂಗ್‌ನಲ್ಲಿ ಯಾರೂ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಜನವರಿಗೆ ರೋಬಸ್ಟಾ ಕೊಯ್ಲು ಜೋರಾಗಿ, ಗೇಟಿನಲ್ಲಿ ಲಾರಿ ಸಾಲು ನಿಂತಿರುವಾಗ ಯಾರೂ ಮೆಸೇಜ್ ಓದುವುದಿಲ್ಲ. ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೇ "ಈ ಸಲ ಎಷ್ಟು ಜನ ಬೇಕು" ಅಂತ ಮಾತಾಗುವುದು. ನಂಬರ್ ಅದೇ ಇದೆಯಾ, ಮೇಡಂ ಇನ್ನೂ ಅಲ್ಲೇ ಇದ್ದಾರಾ ಅಂತ ಹಳೇ ಸಹೋದ್ಯೋಗಿಯನ್ನು ಮೊದಲು ಕೇಳಿಕೊಂಡೆ. ಈಗ ಕ್ವಾಲಿಟಿ ಜೊತೆಗೆ ಖರೀದಿಯೂ ಅವರದ್ದೇ ಅಂತ ಗೊತ್ತಾಯಿತು. ಅದರಿಂದ ಒಂದು ಸಾಲು ಬದಲಾಯಿತು. ಇಗೋ, ಹೆಸರು ಬಿಟ್ಟು ಪೂರ್ತಿ ಇಲ್ಲಿದೆ:

"ನಮಸ್ಕಾರ ಮೇಡಂ. 2014ರಿಂದ 2019ರ ತನಕ ನಿಮ್ಮ ಕೈಕೆಳಗೆ ಔಟ್‌ಟರ್ನ್ ರೂಮಿನಲ್ಲಿದ್ದೆ. ಮಗಳನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದೆ. ಅವಳೀಗ ಒಂದನೇ ಕ್ಲಾಸ್. ಡಿಸೆಂಬರ್ 1ರಿಂದ ನಾನು ಕೆಲಸಕ್ಕೆ ಬರಬಲ್ಲೆ. ಈ ಸೀಸನ್‌ಗೆ ಔಟ್‌ಟರ್ನ್, ಗ್ರೇಡಿಂಗ್ ಅಥವಾ ಖರೀದಿ ಕಡೆ ಜನ ಬೇಕಾಗಿದ್ದಾರಾ?

ಮೂರು ಶನಿವಾರ ಗೋದಾಮಿನಲ್ಲಿ ಸ್ಯಾಂಪಲ್ ತೆಗೆದು ಅಭ್ಯಾಸ ಮಾಡಿದೆ. ಔಟ್‌ಟರ್ನ್ ಸರಿ ಬರುತ್ತಿದೆ. ಗ್ರೇಡಿಂಗ್‌ನಲ್ಲಿ ಮೊದಲಿನ ವೇಗ ಇನ್ನೂ ಬಂದಿಲ್ಲ. ಯುರೋಪಿನ ಹೊಸ ನಿಯಮಕ್ಕಾಗಿ ನಮ್ಮೂರಿನ 14 ಬೆಳೆಗಾರರ ತೋಟದ ಗಡಿ ಗುರುತಿಸಿ ಕಾಫಿ ಬೋರ್ಡಿನ ಆ್ಯಪ್‌ಗೆ ಹಾಕಿಕೊಟ್ಟಿದ್ದೇನೆ.

ಬೆಳಿಗ್ಗೆ 9ರಿಂದ ಸಂಜೆ 5, ಶನಿವಾರವೂ ಆಗುತ್ತದೆ. ನೈಟ್ ಶಿಫ್ಟ್ ಆಗುವುದಿಲ್ಲ. ನಿಮ್ಮಲ್ಲಿ ಜಾಗ ಇಲ್ಲದಿದ್ದರೆ ಯಾರನ್ನು ಕೇಳಬಹುದು ಅಂತ ತಿಳಿಸಿದರೂ ಸಾಕು."

ಅಷ್ಟೇ. ಬರೇ "ಹಾಯ್ ಮೇಡಂ, ಹೇಗಿದ್ದೀರಿ" ಅಂತ ಹಾಕಿ ಉತ್ತರಕ್ಕೆ ಕಾಯುವ ಆಟ ಆಡಲಿಲ್ಲ. ಸಂಬಳದ ಮಾತೂ ಇಲ್ಲ. ಅದು ಅವರು ಕೇಳಿದಾಗ.

ನೈಟ್ ಶಿಫ್ಟ್ ಸಾಲಿನ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. "ಮೊದಲು ಒಳಗೆ ಹೋಗು, ಆಮೇಲೆ ಹೇಳಿದರಾಯ್ತು" ಅಂದಳು. ನಾನು ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಲೋಡ್ ಇಳಿಸುತ್ತಿರುವಾಗ "ಇವತ್ತು ರಾತ್ರಿ ಆಗಲ್ಲ ಮೇಡಂ" ಅಂದರೆ ಅವರಿಗೆ ಕಷ್ಟ, ನನಗೆ ನಾಚಿಕೆ. ಇಲ್ಲ ಅನ್ನುವುದಿದ್ದರೆ ನವೆಂಬರಿನಲ್ಲೇ ಅನ್ನಲಿ. ಗ್ರೇಡಿಂಗ್ ವೇಗದ ಸಾಲೂ ಅವಳಿಗೆ ಇಷ್ಟವಾಗಲಿಲ್ಲ. ಆದರೆ ಟ್ರೇ ಮುಂದಿಟ್ಟರೆ ಐದು ನಿಮಿಷದಲ್ಲಿ ಬಯಲಾಗುವ ಸಂಗತಿ ಅದು. ಮುಚ್ಚಿಟ್ಟು ಏನು ಮಾಡಲಿ?

ಯುರೋಪಿನ ನಿಯಮದ ವಿಷಯ ಸ್ವಲ್ಪ ಹೇಳಬೇಕು. ನಾನು ಮನೆಯಲ್ಲಿದ್ದಾಗಲೇ, 2023ರಲ್ಲಿ ಬಂದ ಕಾನೂನು ಅದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಯುರೋಪಿಗೆ ಹೋಗುವಂತಿಲ್ಲ. ಅದಕ್ಕೆ ಬೆಳೆದ ತೋಟ ಎಲ್ಲಿದೆ ಅಂತ ತೋರಿಸಬೇಕು. 4 ಹೆಕ್ಟೇರ್‌ವರೆಗೆ, ಅಂದರೆ ಸುಮಾರು ಹತ್ತು ಎಕರೆಗೆ, ಮ್ಯಾಪಿನಲ್ಲಿ ಒಂದು ಚುಕ್ಕೆ ಸಾಕು. ಅದಕ್ಕಿಂತ ದೊಡ್ಡದಾದರೆ ಗಡಿ ಸುತ್ತ ಗೆರೆ ಬೇಕು. ಜಾರಿಯ ದಿನವನ್ನು ಎರಡು ಸಲ ಮುಂದೂಡಿದ್ದಾರೆ, ಆದರೆ ಕೊಳ್ಳುವವರು ಈಗಲೇ ಕೇಳುತ್ತಿದ್ದಾರೆ. ಮಾವನ ತೋಟಕ್ಕೆ ಅಂತ ಶುರು ಮಾಡಿದ್ದು, ನೋಡಿ ಪಕ್ಕದವರೂ ಕರೆದರು. ಮಗಳನ್ನು ಶಾಲೆಗೆ ಬಿಟ್ಟು, ಫೋನ್ ಹಿಡಿದು, ಜಿಗಣೆ ಕಚ್ಚಿಸಿಕೊಂಡು ಬೇಲಿ ಬೇಲಿ ಸುತ್ತಿದ್ದೇನೆ. ಮರದ ದಟ್ಟ ನೆರಳಿನಲ್ಲಿ ಜಿಪಿಎಸ್ ಚುಕ್ಕೆ ಪಕ್ಕದವರ ತೋಟಕ್ಕೆ ಹಾರುತ್ತದೆ, ಒಂದು ನಿಮಿಷ ನಿಂತು ಕಾಯಬೇಕು. ಅದಕ್ಕಿಂತ ದೊಡ್ಡ ತಲೆನೋವು ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ್ದು. ಆರ್‌ಟಿಸಿ ಪಟ್ಟೇದಾರರ ಹೆಸರಲ್ಲಿ, ತೋಟ ಮಾಡುವುದು ಕುಟುಂಬದ ಇನ್ನೊಬ್ಬರು, ಕಾಫಿ ಮಾರುವುದು ಅವರ ಮಗ. ಮೂರೂ ಹೆಸರು ಹೊಂದಿಸಿ ಬರೆದಿಡದಿದ್ದರೆ ಆಮೇಲೆ ಯಾರಿಗೂ ತಲೆಬುಡ ಸಿಗುವುದಿಲ್ಲ. ಇದಕ್ಕೆ ಯಾರೂ ಸಂಬಳ ಕೊಡಲಿಲ್ಲ, ಒಬ್ಬರು ಒಂದು ಡಬ್ಬಿ ಜೇನು ಕೊಟ್ಟರು. ಹಾಗಾಗಿ ಇದನ್ನು ಕೆಲಸ ಅಂತ ಹೇಳಿಕೊಳ್ಳಲು ಸಂಕೋಚವೇ ಇತ್ತು. ಕೊನೆಗೆ ಎಷ್ಟು ಜನರದ್ದು, ಏನು ಮಾಡಿದೆ ಅಂತ ಅಷ್ಟೇ ಬರೆದೆ.

ಎರಡು ನೀಲಿ ಗೆರೆ ಅವತ್ತೇ ಬಂತು. ಉತ್ತರ ಬರಲಿಲ್ಲ. ನಾಲ್ಕು ದಿನ ಫೋನ್ ನೋಡಿ ನೋಡಿ ಸಾಕಾಯಿತು. ಮರುದಿನವೇ "ಮೇಡಂ ನೋಡಿದಿರಾ" ಅನ್ನುವ ಆಸೆ ತಡೆದುಕೊಂಡೆ. ಹತ್ತನೇ ದಿನ ಒಂದೇ ಸಾಲು: "ಮೇಡಂ, ಮಂಗಳವಾರ ಅಥವಾ ಬುಧವಾರ ಕುಶಾಲನಗರಕ್ಕೆ ಬರುತ್ತೇನೆ, ಹತ್ತು ನಿಮಿಷ ಸಿಗುತ್ತೀರಾ?" ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಔಟ್‌ಟರ್ನ್ ರೂಮ್ ಫುಲ್. ಆ ಮ್ಯಾಪ್ ಕೆಲಸ ನಿಜವಾಗಿ ಗೊತ್ತಾ? ಬುಧವಾರ 11ಕ್ಕೆ ಬಾ."

ಹೋದೆ. ಮೇಡಂ ಕೂದಲು ಪೂರ್ತಿ ಬೆಳ್ಳಗಾಗಿದೆ, ಮಾತು ಮಾತ್ರ ಅದೇ ಹಳೇ ಖಾರ. ಆರು ವರ್ಷ ಏನು ಮಾಡಿದೆ ಅಂತ ಒಂದು ಮಾತೂ ಕೇಳಲಿಲ್ಲ. ಒಬ್ಬ ಬೆಳೆಗಾರರ ಫೈಲ್ ಮುಂದಿಟ್ಟು, ಇದರಲ್ಲಿ ಏನು ತಪ್ಪಿದೆ ಹೇಳು ಅಂದರು. ಹದಿನೆಂಟು ಎಕರೆ, ಒಂದೇ ಚುಕ್ಕೆ. ಗೆರೆ ಇಲ್ಲ. ಹೇಳಿದೆ. "ಇಂಥವು ಇನ್ನೂರು ಬಿದ್ದಿವೆ" ಅಂದರು.

ಈಗ ಇರುವುದು ಮೇ ಕೊನೆಯ ತನಕದ ಕಾಂಟ್ರಾಕ್ಟ್. ವಾರದಲ್ಲಿ ಮೂರು ದಿನ ಫೈಲು ಮತ್ತು ತೋಟ ಸುತ್ತಾಟ, ಉಳಿದ ದಿನ ಔಟ್‌ಟರ್ನ್ ರೂಮಿನಲ್ಲಿ ಸಹಾಯ. ಸಂಬಳ ನಾನು ಅಂದುಕೊಂಡದ್ದಕ್ಕಿಂತ ಕಮ್ಮಿ. ಜೂನ್‌ನಲ್ಲಿ ಏನು ಅಂತ ಕೇಳಿದೆ, ಏಪ್ರಿಲ್‌ನಲ್ಲಿ ಮಾತಾಡೋಣ ಅಂದಿದ್ದಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ಅತ್ತಿಗೆಯದು ಸಂಬಳ-ಪಿಎಫ್ ವಿಭಾಗ ಅಲ್ವಾ? ಹಾಗಾದರೆ ನನ್ನ ಗೋದಾಮಿನ ಸಾಲಿನ ಜಾಗಕ್ಕೆ ಅವರದ್ದೇ ಒಂದು ಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ವೇತನ ಅಂದರೆ ಏನು ಅನ್ನುವ ಲೆಕ್ಕವೇ ಬದಲಾಗಿದೆ. ನಿನ್ನದೇ ಸಂಬಳದ ಚೀಟಿ ಕೊಡು, ಹಳೇ ಲೆಕ್ಕದಲ್ಲೊಮ್ಮೆ ಹೊಸ ಲೆಕ್ಕದಲ್ಲೊಮ್ಮೆ ಮಾಡಿ ನೋಡಲಿ. ಎಲ್ಲಿ ಸಿಕ್ಕಿಹಾಕಿಕೊಂಡರು ಅನ್ನುವುದು ಗೊತ್ತಾದ ಮೇಲೆ ಬರೆಯಲಿ. ಅವರ ಕಂಪನಿಯಲ್ಲಿ ಜನ ತೆಗೆದುಕೊಳ್ಳುವ ತಿಂಗಳು ಯಾವುದು ಅಂತ ಹಳೇ ಗೆಳತಿಯರನ್ನು ಕೇಳಿಕೊಳ್ಳಲಿ.

ಬರೆದದ್ದನ್ನು ನನಗೆ ಕಳಿಸು, ನೋಡುತ್ತೇನೆ. "ಕ್ಷಮಿಸಿ" ಅಂತ ಶುರುವಾಗಿದ್ದರೆ ಹೊಡೆದು ಹಾಕಿ ವಾಪಸ್ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬಾರದು ಅಂತ ಅವರಿಗೆ ಈಗಲೇ ಹೇಳಿಡು. ಮೊನ್ನೆ ರಾತ್ರಿ ಹೂಮಳೆ ಬಿದ್ದಿದೆ. ಇನ್ನೊಂದು ವಾರದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಇಬ್ಬರೂ ಭಾನುವಾರ ಬನ್ನಿ. ಶನಿವಾರ ನನಗೆ ಡ್ಯೂಟಿ.

ನಿನ್ನ ಗೆಳೆಯ
ಸುಂಟಿಕೊಪ್ಪದಿಂದ